ಬೀಗರೂಟಕ್ಕೊಂದು ರಜೆ

ತಮ್ಮನ ಮದುವೆ ಭಾನುವಾರ, 7ನೇ ತಾರೀಖು. ಸೋಮವಾರದವರೆಗೆ ರಜೆ ಮೊದಲೇ ಮಂಜೂರಾಗಿತ್ತು. ಆದರೆ ನಮ್ಮ ಮಂಡ್ಯದ ಕಡೆ ತಾಳಿ ಕಟ್ಟಿದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ಬೀಗರೂಟದ ಕೊನೆಯ ಎಲೆ ಎತ್ತಬೇಕು. ಸೋಮವಾರ ಮನೆದೇವರ ವಾರ, ಒಲೆಯ ಮೇಲೆ ಮಾಂಸ ಏರುವಂತಿಲ್ಲ. ಮಂಗಳವಾರ ಅಡುಗೆಯವರು ಬೇರೆ ಕಡೆ ಒಪ್ಪಿಕೊಂಡಿದ್ದರು. ಹೀಗಾಗಿ ಬುಧವಾರ, 10ನೇ ತಾರೀಖು.

ಲೆಕ್ಕಪತ್ರದ ಕೆಲಸದವನಿಗೆ 10 ಅಂದರೆ 11ರ ಹಿಂದಿನ ದಿನ. ಹಿಂದಿನ ತಿಂಗಳ ಮಾರಾಟದ ವಿವರವನ್ನು 11ರೊಳಗೆ ಜಿಎಸ್‌ಟಿಆರ್-1ರಲ್ಲಿ ಸಲ್ಲಿಸದಿದ್ದರೆ ನಮ್ಮ ಗಿರಾಕಿಗಳಿಗೆ ಆ ತಿಂಗಳು ತೆರಿಗೆಯ ಕ್ರೆಡಿಟ್ ಕಾಣುವುದಿಲ್ಲ. ಅವರು ಫೋನು ಮಾಡಿ ಬೈಯುವಾಗ ಮ್ಯಾನೇಜರಿಗೆ ನನ್ನ ತಮ್ಮನ ಮದುವೆ ನೆನಪಿಗೆ ಬರುವುದಿಲ್ಲ.

ಸೋಮವಾರ ಸಂಜೆ ಕೇಳಿದರೆ ಅದು ಕೋರಿಕೆಯಲ್ಲ, ಬೆದರಿಕೆ. ಆದ್ದರಿಂದ ಶುಕ್ರವಾರವೇ ಚಪ್ಪರದ ಕೆಳಗೆ ಕೂತು ಮೇಲ್ ಬರೆದೆ. ಅದಕ್ಕೂ ಮುಂಚೆ ಸಹೋದ್ಯೋಗಿಗೆ ಫೋನು ಮಾಡಿದ್ದೆ. ಕೇಳದೆ ಅವನ ಹೆಸರು ಹಾಕುವುದೆಂದರೆ ಒಪ್ಪದ ವರನ ಹೆಸರನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದಂತೆ. ಅವನು ಒಂದು ಡಬ್ಬಿ ಬಿರಿಯಾನಿಗೆ ಒಪ್ಪಿದ.

"ಸರ್, ಮಂಗಳವಾರ, ಬುಧವಾರ ರಜೆ ಮುಂದುವರಿಸಬೇಕೆಂದು ಕೋರುತ್ತೇನೆ. ಗುರುವಾರ ಬೆಳಿಗ್ಗೆ ಕಚೇರಿಯಲ್ಲಿರುತ್ತೇನೆ. 7ಕ್ಕೆ ಕಟ್ಟಬೇಕಿದ್ದ ಟಿಡಿಎಸ್ ಕಟ್ಟಿಯಾಗಿದೆ. ಮಾರಾಟದ ಬಿಲ್ಲುಗಳನ್ನು ಪೋರ್ಟಲಿಗೆ ಏರಿಸಿದ್ದೇನೆ. ಎರಡು ಕ್ರೆಡಿಟ್ ನೋಟ್ ಮಾತ್ರ ಬಾಕಿ. ಮಂಗಳವಾರ ಸಹೋದ್ಯೋಗಿ ಅವನ್ನು ಸೇರಿಸಿ, ಒಟ್ಟು ಮೊತ್ತವನ್ನು ಮಾರಾಟದ ಖಾತೆಯೊಂದಿಗೆ ತಾಳೆ ನೋಡುತ್ತಾರೆ. ಬುಧವಾರ ಮಧ್ಯಾಹ್ನದೊಳಗೆ ತಾವು ಡಿಜಿಟಲ್ ಸಹಿ ಹಾಕಿದರೆ ಸಾಕು. ಒಂದು ರೂಪಾಯಿ ತಾಳೆಯಾಗದಿದ್ದರೂ ಸಲ್ಲಿಸುವುದು ಬೇಡ, ಗುರುವಾರ ಬಂದು ನಾನೇ ನೋಡುತ್ತೇನೆ."

ಕೊನೆಯ ಸಾಲೇ ಮುಖ್ಯ. ಎಲ್ಲ ಸರಿ ಹೋದರೆ ಏನೆಂದು ಯಾರು ಬೇಕಾದರೂ ಬರೆಯುತ್ತಾರೆ. ಸರಿ ಹೋಗದಿದ್ದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಮ್ಯಾನೇಜರಿಗೆ ನಿದ್ದೆ ತರಿಸುವ ಮಾತು.

ನಿದ್ದೆ ಸ್ವಲ್ಪ ಜಾಸ್ತಿಯೇ ಬಂತೇನೋ. ಐದು ನಿಮಿಷದಲ್ಲಿ ಉತ್ತರ: "ಆಗಲಿ, ಮುಗಿಸಿಕೊಂಡು ಬನ್ನಿ." ನೀವಿಲ್ಲದೆ ಹೇಗ್ರೀ ಅಂತ ಒಂದು ಮಾತಿಗಾದರೂ ಅನ್ನಬೇಡವೇ? ನಾನಿಲ್ಲದಿದ್ದರೂ ನಡೆಯುತ್ತದೆಂದು ನಾನೇ ಸಾಬೀತು ಮಾಡಿ ಕಳಿಸಿದ್ದೆ, ನಿಜ. ಆದರೂ ಅಷ್ಟು ಬೇಗ ನಂಬಬಾರದಿತ್ತು.

ಅಪ್ಪನಿಗೆ ಹೇಳಿದೆ. "ಇಲ್ಲೀದೂ ಹಂಗೇ ಒಂದು ಬರ್ಕೊಡು ಮಗ," ಅಂದರು. "ಬೀಗರ ಪಂಕ್ತೀಲಿ ನಿಂತು ಇನ್ನೊಂದು ತುಂಡು ಹಾಕ್ಸ್ಕಳಿ ಅಂತ ಬಲವಂತ ಮಾಡೋರು ಯಾರು?" ಮೊದಲೆಲ್ಲ ಅದು ಚಿಕ್ಕಪ್ಪನ ಕೆಲಸ. ಬೇಡ ಬೇಡ ಎಂದು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಬೋಟಿ ಗೊಜ್ಜು ಇಳಿಸುತ್ತಿದ್ದರು. ಅವರು ಹೋದ ಮೇಲೆ ನಮ್ಮನೆಯಲ್ಲಿ ಇದೇ ಮೊದಲ ಮದುವೆ. ಅವರ ಜಾಗಕ್ಕೆ ನಾನು ಅಂತ ಯಾರೂ ಮೇಲ್ ಕಳಿಸಿರಲಿಲ್ಲ.

ಬುಧವಾರ ಸೌಟು ಹಿಡಿದು ಪಂಕ್ತಿಗೆ ಇಳಿದೆ. ಬೇಡ ಅಂದವರನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದಾಗ ಬೀಗರ ಕಡೆಯ ಹಿರಿಯರೊಬ್ಬರು ತಡೆದರು: "ಅಲ್ಲ ಕಣಪ್ಪ, ಒಂದ್ಸಲ ಬೇಡ ಅಂದೇಟ್ಗೆ ಹೊಂಟೇಬುಡೋದಾ? ಯಾವ ಆಫೀಸಲ್ಲಿ ಕೆಲ್ಸ ನಿಂದು?"