ಬಾಗೇವಾಡಿ ಭಜನೆಗೂ ಸ್ಟ್ರೈಕ್!

ಇಂಡಿ ಬಸ್ಸಿನಾಗ ಕುಂತಿದ್ದೆ, ಸಿಂದಗಿಯಿಂದ ತಮ್ಮನ ಫೋನ್. "ಅಣ್ಣಾ, ಬಾಗೇವಾಡಿ ಭಜನಿ ವಿಡಿಯೋಕ್ಕ ಕಾಪಿರೈಟ್ ಸ್ಟ್ರೈಕ್ ಬಿತ್ತು. ಅಳಿಸಿಬಿಡ್ಲೇನು?"

ಅಳಿಸಬ್ಯಾಡಪ್ಪಾ ಅಂದೆ. ವಿಡಿಯೋ ಅಳಿಸಿದರೆ ಸ್ಟ್ರೈಕ್ ಹೋಗೂದಿಲ್ಲ. 90 ದಿನದಾಗ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು.

ಹಾಡಿದ್ದು 12ನೇ ಶತಮಾನದ ಬಸವಣ್ಣನ ವಚನ. ಅದಕ್ಕೆ ಯಾರ ಹಕ್ಕೂ ಇಲ್ಲ. ಆದರ ಕ್ಯಾಸೆಟ್‌ನವರು ಕೂಡಿಸಿದ ಧಾಟಿಗೆ, ಅವರ ರೆಕಾರ್ಡಿಂಗಿಗೆ ಹಕ್ಕು ಇರಬಹುದು. ಅದಕ್ಕ ಮೊದಲು ಕೇಳಿದ್ದು, "ಧಾಟಿ ಯಾರದು?" "ನಮ್ಮ ಅಜ್ಜನ ಕಾಲದ್ದು, ಹಿಂದ ಸಿನಿಮಾ ಗಿನಿಮಾ ಏನೂ ಇಲ್ಲ" ಅಂದ.

ಹಂಗಾದ್ರ ಯೂಟ್ಯೂಬ್ ಸ್ಟುಡಿಯೋದಾಗ ಕೌಂಟರ್ ನೋಟಿಸ್ ಹಾಕು ಅಂದೆ. "ನಾನು ತಪ್ಪು ಮಾಡಿಲ್ಲ" ಅಂತ ಅಳಬ್ಯಾಡ. ಸಾಹಿತ್ಯ ಯಾರದು, ಧಾಟಿ ಎಲ್ಲಿಂದ ಬಂತು, ಯಾವ ದಿನ ಯಾರ ಫೋನಿನಾಗ ಶೂಟ್ ಆತು, ಇಷ್ಟು ಬರಿ. ಕತ್ತರಿಸದ ಮೂಲ ಫೈಲು ಫೋನಿನಾಗ ಇರಲಿ. ವಾಟ್ಸಾಪ್‌ನಾಗ ಹಾದು ಬಂದ ಪ್ರತಿಯೊಳಗ ಶೂಟಿಂಗ್ ತಾರೀಖು ಉಳಿಯೂದು ಕಡಿಮಿ.

ಯೂಟ್ಯೂಬ್ ನೋಟಿಸ್ ಒಪ್ಪಿದ ಮೇಲೆ ಎದುರಿನವರು ಅಮೆರಿಕದ ಲೆಕ್ಕದ 10 ಕೆಲಸದ ದಿನದಾಗ ಕೋರ್ಟಿಗೆ ಹೋದ ಪುರಾವೆ ತೋರಿಸಬೇಕು. ಇಲ್ಲಾಂದ್ರ ವಿಡಿಯೋ ವಾಪಸ್ ಬರತೈತಿ.

ಒಂದು ಕಿರಿಕಿರಿ ಮಾತ್ರ ಐತಿ: ನಮ್ಮ ಖರೇ ಹೆಸರು, ವಿಳಾಸ ಅವರ ಕೈಗೆ ಹೋಗತಾವ. ಸುಳ್ಳು ಬರೆದರೆ ಕಾನೂನು ನಮ್ಮನ್ನೂ ಹಿಡಿತೈತಿ. ತಮ್ಮ ಅಲ್ಲೇ ನಿಂತಾನ. "ಮನಿ ವಿಳಾಸ ಕೊಡೂದಾ?" ಅಂತಾನ.

ಮುದ್ದೇಬಿಹಾಳ ಕಡೆ ಯಾರಾದ್ರೂ ಕೌಂಟರ್ ನೋಟಿಸ್ ಹಾಕಿ ಗೆದ್ದೀರೇನು? ವಿಳಾಸಕ್ಕೆ ಏನು ಮಾಡಿದ್ರಿ, ಹೇಳ್ರಿ.