ಅಜ್ಜನ ವಾಲ್ವ್ ರೇಡಿಯೋ, ನನ್ನ ಟ್ರಾನ್ಸಿಸ್ಟರ್

ಬಿಕಾಂ ಹುಡುಗಿ ಕೈಯಲ್ಲಿ ಸೋಲ್ಡರಿಂಗ್ ಐರನ್ ಯಾಕೆ ಅಂತ ಕೇಳ್ತಿದ್ದೀರಲ್ಲ, ಪಿಯುಸಿಯಲ್ಲಿ ನಂದು ಎಲೆಕ್ಟ್ರಾನಿಕ್ಸ್ ಇತ್ತು. ಬೇಸ್‌ಗೆ ಕೊಟ್ಟ ಪುಟ್ಟ ಕರೆಂಟು ಕಲೆಕ್ಟರ್‌ನಲ್ಲಿ ದೊಡ್ಡದಾಗುತ್ತೆ ಅಂತ ಬಾಯಿಪಾಠ ಮಾಡಿ ಬರೆದು ಮಾರ್ಕ್ಸ್ ತಗೊಂಡೆ. ಆ ‘ದೊಡ್ಡದು’ ಎಲ್ಲಿಂದ ಬರುತ್ತೆ ಅನ್ನೋದು ಮಾತ್ರ ತಲೆಗೆ ಹತ್ತಿರಲಿಲ್ಲ.

ಎರಡನೇ ಫೋಟೋದಲ್ಲಿರೋದು ಅಜ್ಜನ ರೇಡಿಯೋ. ಹತ್ತು ನಿಮಿಷ ಚೆನ್ನಾಗಿ ಮಾತಾಡಿ ಆಮೇಲೆ ಗೊರಗೊರ ಅನ್ನೋದು. ಪೇಟೆಯ ಅಂಗಡಿಯವರು “ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸ್ತೀನಿ” ಅಂದ್ರು. ಅಜ್ಜ ಒಂದೂ ಮಾತಾಡದೆ ಅದನ್ನ ಮನೆಗೆ ವಾಪಸ್ ತಂದ್ರು. ಒಂದು ಕಾಲಕ್ಕೆ ಊರವರ ರೇಡಿಯೋ ರಿಪೇರಿ ಮಾಡಿದವರು. ಈಗ ಕೈ ನಡುಗುತ್ತೆ, ಕಣ್ಣು ಮಂಜು. “ನಾನು ಹೇಳ್ತೀನಿ, ನೀನು ಮಾಡು ಪುಟ್ಟಿ. ಒಂದು ಕೈ ಬೆನ್ನ ಹಿಂದೆ ಇಟ್ಕೋ, ಅಲ್ಲಿ ಇನ್ನೂರೈವತ್ತು ವೋಲ್ಟ್ ಇದೆ.” (ದಯವಿಟ್ಟು ಗೊತ್ತಿದ್ದವರು ಪಕ್ಕದಲ್ಲಿಲ್ಲದೆ ನೀವು ಟ್ರೈ ಮಾಡ್ಬೇಡಿ. ಆಫ್ ಮಾಡಿದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತೆ.)

ಸ್ಪೀಕರ್ ನಡೆಸೋ ಕೊನೆಯ ವಾಲ್ವ್ ಇಎಲ್ 84. ಅದರ ಕ್ಯಾಥೋಡ್ ಕಾಯ್ದು ಎಲೆಕ್ಟ್ರಾನ್ ಬಿಡುತ್ತೆ, ಆನೋಡ್ ಎಳ್ಕೊಳ್ಳುತ್ತೆ, ನಡುವೆ ಗ್ರಿಡ್ ಅನ್ನೋ ತಂತಿಯ ಜಾಲರಿ. ಚಾಸಿಗೆ ಹೋಲಿಸಿದ್ರೆ ಗ್ರಿಡ್ ಸೊನ್ನೆ, ಕ್ಯಾಥೋಡ್ ಸುಮಾರು 7 ವೋಲ್ಟ್ ಇರಬೇಕು. ನಮ್ಮದರಲ್ಲಿ ರೇಡಿಯೋ ಕಾದ ಮೇಲೆ ಗ್ರಿಡ್ 6, ಕ್ಯಾಥೋಡ್ 11! ಕ್ಯಾಥೋಡ್‌ನ ಕೆಳಗಿರೋ ರೆಸಿಸ್ಟರ್ 135 ಓಮ್, ಅಂದ್ರೆ 53 ಮಿಲಿಆಂಪ್ ಹರಿಯೋ ಕಡೆ 81 ಹರೀತಿದೆ.

“ಹಿಂದಿನ ವಾಲ್ವಿಂದ ಬರೋ ಕಂಡೆನ್ಸರ್ ಲೀಕು,” ಅಂದ್ರು ಅಜ್ಜ. ಅದು ಹಾಡನ್ನ ಮಾತ್ರ ದಾಟಿಸಿ ಡಿಸಿ ತಡೀಬೇಕು. ಹಳೇ ಕಾಗದದ ಕಂಡೆನ್ಸರ್, ಡಿಸಿನೂ ಬಿಡ್ತಿತ್ತು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಚಾರ್ಜ್ ಇಳಿದಿದೆ ಅಂತ ಮೀಟರ್‌ನಲ್ಲಿ ನೋಡಿ ಅದರ ಒಂದು ಕಾಲು ಬಿಡಿಸಿದೆ. ಮತ್ತೆ ಆನ್ ಮಾಡಿದಾಗ ಗ್ರಿಡ್ ಸೊನ್ನೆ, ಕ್ಯಾಥೋಡ್ 7.

ಅಲ್ಲೇ ನಾನು ಕೂತುಬಿಟ್ಟೆ. ಗ್ರಿಡ್‌ಗೆ ಬಂದಿದ್ದು ಬರೀ 6 ವೋಲ್ಟ್, ಕರೆಂಟು ಹೆಚ್ಚೂಕಡಿಮೆ ಅಂತ ಅಲ್ಲಿ ಏನೂ ಹರಿದಿಲ್ಲ. ಹಾಗಾದ್ರೆ ಹೆಚ್ಚಿಗೆ ಬಂದ 28 ಮಿಲಿಆಂಪ್ ಎಲ್ಲಿಂದು? “ಕೆರೆ ತೂಬು ಎತ್ತೋದು ನಿನ್ನ ಕೈ. ಗದ್ದೆಗೆ ಹೋಗೋ ನೀರು ನಿನ್ನದಾ?” ಅಂದ್ರು ಅಜ್ಜ. ನೀರು ಕೆರೆಯದು, ಅಂದ್ರೆ ಪವರ್ ಸಪ್ಲೈದು!

ಟ್ರಾನ್ಸಿಸ್ಟರೂ ಅಷ್ಟೇ ಕಣ್ರೋ. ಬೇಸ್ ಕರೆಂಟು ‘ಬೆಳೆಯೋದೇ’ ಇಲ್ಲ, ತೂಬು ಎತ್ತುತ್ತೆ. ಕಲೆಕ್ಟರ್‌ನಲ್ಲಿ ಹರಿಯೋದು ಬ್ಯಾಟರಿದು. ವ್ಯತ್ಯಾಸನೂ ಇದೆ: ವಾಲ್ವ್ ತಾನಾಗೇ ಹರೀತಿರುತ್ತೆ, ಗ್ರಿಡ್ ನೆಗೆಟಿವ್ ಆಗಿ ಅದನ್ನ ಹಿಡಿದಿಡಬೇಕು. ಸಿಲಿಕಾನ್ ಟ್ರಾನ್ಸಿಸ್ಟರ್ ಮುಚ್ಚಿಕೊಂಡೇ ಇರುತ್ತೆ. ಎಮಿಟರ್‌ಗಿಂತ ಬೇಸ್ ಸುಮಾರು 0.6 ವೋಲ್ಟ್ ಮೇಲೇರಿದಾಗ ತೆರೆಯುತ್ತೆ, ಮತ್ತೆ ಬೇಸ್ ತನಗೂ ಸ್ವಲ್ಪ ಕರೆಂಟು ಕುಡಿಯುತ್ತೆ.

630 ವೋಲ್ಟ್ ತಡೆಯೋ ಹೊಸ ಕಂಡೆನ್ಸರ್ ಹಾಕಿದೆ. ಅಜ್ಜ ಒಂದು ಗಂಟೆ ಬಿಡದೆ ಕೇಳಿದ್ರು, ಗೊರಗೊರ ಬರಲೇ ಇಲ್ಲ. “ಸೌಂಡು ಇನ್ನೊಂಚೂರು ಜಾಸ್ತಿ ಮಾಡು” ಅಂದ್ರು.