ಎರಡು ಪುಟದ ರಾಜೀನಾಮೆ

ಚಿಕ್ಕನರಗುಂದದ ನಮ್ಮ ಓಣಿಯ ಹುಡುಗಿ ಮೊನ್ನೆ ಸಂಜೆ ಎರಡು ಹಾಳೆ ಹಿಡ್ಕೊಂಡು ಬಂದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಎರಡು ವರ್ಷದಿಂದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಈಗ ಎಂ.ಎಸ್ಸಿ. ಓದಾಕ ಹೊಂಟಾಳ. "ಅಕ್ಕಾರ, ರಾಜೀನಾಮೆ ಬರದೀನಿ. ಒಂಚೂರು ತಿದ್ದಿ ಕೊಡ್ರಿ" ಅಂದಳು.

ಮೊದಲ ಹಾಳೆ ಮುಗಿದರೂ ಕೆಲಸ ಬಿಡ್ತಾಳೋ, ರಜೆ ಕೇಳ್ತಾಳೋ ತಿಳಿಯಲಿಲ್ಲ. "ದೊಡ್ಡ ಮನಸ್ಸು ಮಾಡಿ ಬಿಡಲು ಅನುಮತಿ ಕೊಡಬೇಕು" ಅಂತ ಇತ್ತು, ಆದರೆ ಯಾವತ್ತು ಬಿಡ್ತಾಳೆ ಅನ್ನೋ ತಾರೀಖಿಲ್ಲ. ನೇಮಕಾತಿ ಪತ್ರ ತರಿಸಿ ನೋಡಿದೆ. 30 ದಿನ ಮುಂಚೆ ತಿಳಿಸಬೇಕು ಅಂತಿತ್ತು. ಆಗಸ್ಟ್ 1ಕ್ಕೆ ಕೊಟ್ಟರೆ 31 ಕಡೇ ದಿನ. ಡ್ಯೂಟಿ ಪಟ್ಟಿ ಹಾಕುವವರಿಗೆ ಮೊದಲು ಬೇಕಾಗೋದು ಅದೇ, ಹಾಗಾಗಿ ಅದನ್ನೇ ಮೊದಲ ಸಾಲು ಮಾಡಿದೆ.

"ನನ್ನಿಂದಾದ ತಪ್ಪುಗಳನ್ನು ಕ್ಷಮಿಸಿ" ಅನ್ನೋದನ್ನ ಹೊಡೆದು ಹಾಕಿದೆ. ನಾವು ವಿನಯಕ್ಕೆ ಬರೀತೀವಿ. ಆದರೆ ನರ್ಸ್ ಫೈಲಿನಲ್ಲಿ "ತಪ್ಪು" ಅಂತ ಓದಿದವರು ಯಾವ ಔಷಧದಲ್ಲಿ ಅಂತ ಕೇಳ್ತಾರೆ. ಒಬ್ಬ ಅಜ್ಜಿಯ ಹೆಸರು, ಕಾಯಿಲೆ ಬರೆದು ಪ್ರೀತಿಯಿಂದ ನೆನೆಸಿದ್ದಳು. ರೋಗಿಯ ಗುಟ್ಟು ನಮ್ಮ ಪತ್ರಕ್ಕೆ ಬರಬಾರದು, ಅದೂ ಹೋಯಿತು.

ಎರಡನೇ ಹಾಳೆಗೆ ಬಂದಾಗ ಅಕಿ ಸುಮ್ಮನಾದಳು. ಅಪ್ಪ ಹಾಸಿಗೆ ಹಿಡಿದಾಗ ರಜೆ ಕೊಡದೆ ಸಾಲಾಗಿ ನೈಟ್ ಡ್ಯೂಟಿ ಹಾಕಿದ್ದರಂತೆ. ಒಂದು ಪುಟ ಪೂರ್ತಿ ಅದೇ.

"ಇದು ಸುಳ್ಳೇನ್ರಿ ಅಕ್ಕಾರ?"

"ಖರೇನ ಐತಿ. ಹೇಳಬೇಕು ಅನಿಸಿದ್ರ ಬೇರೆ ಹಾಳೆಯೊಳಗ ಬರಿ, ಇಲ್ಲಾ ಮುಂದ ಕುಂತು ಹೇಳು. ಈ ಹಾಳಿ ಕೆಲಸ ಬ್ಯಾರೆ."

ಎಂ.ಎಸ್ಸಿ. ನರ್ಸಿಂಗ್‌ಗೆ ಬಿ.ಎಸ್ಸಿ. ಆದ ಮೇಲೆ ಕನಿಷ್ಠ 1 ವರ್ಷ ಕೆಲಸ ಮಾಡಿರಬೇಕು. ಆ ಅನುಭವ ಪತ್ರ ಬರೋದು ಇದೇ ಆಸ್ಪತ್ರೆಯಿಂದ. ಅದನ್ನ ಕೇಳೋ ಸಾಲೇ ಅಕಿ ಬರೆದಿರಲಿಲ್ಲ!

ಹಂಗಾದ್ರ ಬರೇ ಒಣ ಪತ್ರ ಆಗ್ತದಲ್ಲ ಅಂದಳು. "ಇಲ್ಲಿ ಖರೇನ ಕಲ್ತದ್ದು ಏನು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಹೊಸದಾಗಿ ಸೇರಿದಾಗ ಕೈ ನಡುಗುತ್ತಿತ್ತು, ಹಿರಿಯ ಸಿಸ್ಟರ್ ಪಕ್ಕಕ್ಕೆ ನಿಂತು ಕಲಿಸಿದರು ಅಂದಳು. ಪತ್ರದ ಬೆಚ್ಚಗಿನ ಸಾಲು ಅಲ್ಲೇ ಸಿಕ್ಕಿತು.

ಕೊನೆಗೆ ಉಳಿದದ್ದು ಇಷ್ಟು:

"ಮಾನ್ಯರೇ, ಎಂ.ಎಸ್ಸಿ. ನರ್ಸಿಂಗ್ ಓದಲು ಹೋಗುತ್ತಿರುವುದರಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಆಗಸ್ಟ್ 31 ನನ್ನ ಕೊನೆಯ ಕೆಲಸದ ದಿನ. ಅಷ್ಟರೊಳಗೆ ವಾರ್ಡಿನ ಜವಾಬ್ದಾರಿಯನ್ನು ವಹಿಸಿಕೊಡುತ್ತೇನೆ. ನಡುಗುವ ಕೈಯಿಂದ ಬಂದವಳಿಗೆ ಪಕ್ಕದಲ್ಲಿ ನಿಂತು ಕೆಲಸ ಕಲಿಸಿದ ಹಿರಿಯ ಸಿಸ್ಟರುಗಳನ್ನು ಮರೆಯುವುದಿಲ್ಲ. ಬಿಡುಗಡೆ ಪತ್ರ ಮತ್ತು ಅನುಭವ ಪತ್ರ ನೀಡಬೇಕೆಂದು ಕೋರುತ್ತೇನೆ."

ಎರಡು ಪ್ರತಿ ತೆಗೆದಳು. ಒಂದರ ಮೇಲೆ ತಾರೀಖು, ಸಹಿ ಹಾಕಿಸಿಕೊಂಡು ಬಾ ಅಂತ ಹೇಳಿ ಕಳಿಸಿದೆ. ಆ ಎರಡನೇ ಹಾಳೆಯನ್ನ ಅಕಿ ಹರಿಯಲಿಲ್ಲ, ಮಡಚಿ ಬ್ಯಾಗಿನೊಳಗ ಇಟ್ಟುಕೊಂಡಳು. ನಾನೂ ಹರಿ ಅನ್ನಲಿಲ್ಲ.